ಷರತ್ತು ನೆರವೇರಿದ ಮೇಲೆ: ಬಾರದ ರೆಫರಲ್ ಬೋನಸ್ಸನ್ನು ಕೇಳಿ ಪಡೆಯುವ ಕ್ರಮ

ತಿಂಗಳ ಕೊನೆಯ ದಿನದ ಸಾಯಂಕಾಲ, ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ನಿಂತಿರುವ ಗಾಜಿನ ಕಟ್ಟಡಗಳೊಳಗೆ, ಸಂಬಳ ಜಮೆಯಾಯಿತೆಂಬ ಬ್ಯಾಂಕಿನ ಸಂದೇಶ ಒಂದರ ಹಿಂದೊಂದರಂತೆ ಮೊಬೈಲುಗಳಲ್ಲಿ ಮೊಳಗತೊಡಗುವ ಹೊತ್ತಿನಲ್ಲಿ, ಒಟ್ಟು ಮೊತ್ತವನ್ನು ನೋಡಿ ತೃಪ್ತರಾಗುವ ಬಹುಮಂದಿಯ ನಡುವೆ ಕೆಲವರು ಮಾತ್ರ ಪೇಸ್ಲಿಪ್ಪನ್ನೇ ತೆರೆದು, ಮೂಲವೇತನ, ಮನೆಬಾಡಿಗೆ ಭತ್ಯೆ, ವಿಶೇಷ ಭತ್ಯೆ ಎಂಬ ಸಾಲುಗಳ ಕೆಳಗೆ ಈ ತಿಂಗಳು ಇರಲೇಬೇಕಾಗಿದ್ದ ಇನ್ನೊಂದು ಸಾಲನ್ನು ಹುಡುಕುತ್ತಾರೆ. ತಮ್ಮ ಪರಿಚಿತರೊಬ್ಬರನ್ನು ಕಂಪನಿಗೆ ಶಿಫಾರಸು ಮಾಡಿದವರು ಅವರು. ಆ ಪರಿಚಿತರು ಆಯ್ಕೆಯಾಗಿ, ಕೆಲಸಕ್ಕೆ ಸೇರಿ, ಪ್ರೊಬೇಷನ್ ಅವಧಿಯನ್ನೂ ಮುಗಿಸಿದ್ದಾರೆ. ಆದರೆ ಅದಕ್ಕಾಗಿ ಕೊಡುವುದಾಗಿ ಹೇಳಿದ್ದ ರೆಫರಲ್ ಬೋನಸ್ ಬಂದಿಲ್ಲ.

ಇಂಥವರಲ್ಲಿ ಹಲವರು ಒಂದೆರಡು ತಿಂಗಳು ಕಾಯುತ್ತಾರೆ. ಆಮೇಲೆ ಊಟದ ವೇಳೆಯಲ್ಲಿ ಎಚ್.ಆರ್. ವಿಭಾಗದ ಯಾರನ್ನಾದರೂ ಕಂಡು ಬಾಯಿಮಾತಿನಲ್ಲಿ ವಿಚಾರಿಸುತ್ತಾರೆ, “ನೋಡುತ್ತೇನೆ” ಎಂಬ ಉತ್ತರವನ್ನು ಪಡೆದು ಹಿಂದಿರುಗುತ್ತಾರೆ, ಮತ್ತು ಇದು ಕಂಪನಿಯ ಔದಾರ್ಯದ ವಿಷಯ, ಹೆಚ್ಚು ಒತ್ತಾಯಿಸಿದರೆ ಚೆನ್ನಾಗಿರದು ಎಂಬ ಸಂಕೋಚದಿಂದ ಸುಮ್ಮನಾಗುತ್ತಾರೆ. ಈ ಸಂಕೋಚಕ್ಕೆ ಆಧಾರವಿಲ್ಲವೆಂಬುದನ್ನೂ, ಹಣ ನಿಂತುಹೋಗುವುದಕ್ಕೆ ಬಹುತೇಕ ಯಾರ ದುರುದ್ದೇಶವೂ ಕಾರಣವಾಗಿರದೆ ಎರಡು ದಾಖಲೆಗಳು ಒಂದಕ್ಕೊಂದು ಕೂಡದಿರುವುದೇ ಕಾರಣವಾಗಿರುತ್ತದೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಕೊಡುವುದೇಕೆ, ತಡೆದು ಕೊಡುವುದೇಕೆ

ಕಂಪನಿಯೊಂದು ಅನುಭವಿಯಾದ ನೌಕರನನ್ನು ಹುಡುಕಲು ಹೊರಗಿನ ನೇಮಕಾತಿ ಸಂಸ್ಥೆಯ ನೆರವನ್ನು ಪಡೆದರೆ, ಆ ನೌಕರನ ವಾರ್ಷಿಕ ಸಂಬಳದ ಒಂದು ಅಂಶವನ್ನು ಅದಕ್ಕೆ ಶುಲ್ಕವಾಗಿ ತೆರಬೇಕಾಗುತ್ತದೆ. ಒಳಗಿನ ನೌಕರನೇ ತಕ್ಕ ವ್ಯಕ್ತಿಯನ್ನು ತೋರಿಸಿಕೊಟ್ಟರೆ ಆ ವೆಚ್ಚ ಉಳಿಯುತ್ತದೆ. ಉಳಿದುದರಲ್ಲಿ ಒಂದು ಭಾಗವನ್ನು ತೋರಿಸಿಕೊಟ್ಟವನಿಗೆ ಕೊಡುವುದೇ ರೆಫರಲ್ ಬೋನಸ್ಸಿನ ಮೂಲತತ್ತ್ವ. ಹುದ್ದೆಯ ಮೇಲ್ಮೆಗೂ ಅದಕ್ಕೆ ಬೇಕಾದ ಪರಿಣತಿಯ ಅಭಾವಕ್ಕೂ ಅನುಗುಣವಾಗಿ ಮೊತ್ತ ಹೆಚ್ಚುಕಡಮೆಯಾಗುತ್ತದೆ.

ಆದರೆ ಸೇರಿದವನು ಎರಡೇ ತಿಂಗಳಲ್ಲಿ ಬಿಟ್ಟುಹೋದರೆ ಕಂಪನಿಗೆ ಲಾಭವೇನೂ ಆಗದು. ಆದುದರಿಂದ ಕೆಲವು ಕಂಪನಿಗಳು ಸೇರಿದ ದಿನದಿಂದ ತೊಂಬತ್ತು ದಿನಗಳಾದ ಮೇಲೆ, ಕೆಲವು ಪ್ರೊಬೇಷನ್ ಮುಗಿದು ನೌಕರಿ ಖಾಯಂ ಆದ ಮೇಲೆ, ಇನ್ನು ಕೆಲವು ಅರ್ಧವನ್ನು ಸೇರಿದಾಗ ಮತ್ತು ಉಳಿದರ್ಧವನ್ನು ಖಾಯಮಾತಿಯ ಬಳಿಕ ಕೊಡುವ ಕ್ರಮವನ್ನಿಟ್ಟುಕೊಂಡಿವೆ. ಇದರೊಂದಿಗೆ, ಹಣ ಪಾವತಿಯಾಗುವ ದಿನದಂದು ಶಿಫಾರಸು ಮಾಡಿದವನೂ ಸೇರಿದವನೂ ಇಬ್ಬರೂ ಕಂಪನಿಯ ನೌಕರರಾಗಿಯೇ ಇರಬೇಕು, ಇಬ್ಬರಲ್ಲಿ ಯಾರೂ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿರಬಾರದು ಎಂಬ ಷರತ್ತು ಸಾಮಾನ್ಯ. ನೇಮಕಾತಿ ವಿಭಾಗದವರಿಗೂ, ಆ ಹುದ್ದೆಗೆ ಆಯ್ಕೆಮಾಡುವ ಮ್ಯಾನೇಜರಿಗೂ ಈ ಬೋನಸ್ ಸಲ್ಲುವುದಿಲ್ಲ; ಏಕೆಂದರೆ ಆ ಕೆಲಸ ಅವರ ಕರ್ತವ್ಯದ ಭಾಗವೇ ಆಗಿದೆ.

ಇದು ದಾನವಲ್ಲ

ಭಾರತೀಯ ಕರಾರು ಅಧಿನಿಯಮ 1872ರಷ್ಟು ಹಿಂದಿನದು. ಅದರ 8ನೆಯ ಪ್ರಕರಣದ ತಾತ್ಪರ್ಯವಿಷ್ಟು: ಒಬ್ಬನು ಮುಂದಿಟ್ಟ ಪ್ರಸ್ತಾವದ ಷರತ್ತುಗಳನ್ನು ಇನ್ನೊಬ್ಬನು ನೆರವೇರಿಸಿದರೆ, ಆ ನೆರವೇರಿಸುವಿಕೆಯೇ ಪ್ರಸ್ತಾವದ ಸ್ವೀಕಾರವಾಗುತ್ತದೆ. “ತಕ್ಕವರನ್ನು ತೋರಿಸಿಕೊಡಿ, ಅವರು ಸೇರಿ ಪ್ರೊಬೇಷನ್ ಮುಗಿಸಿದರೆ ಇಷ್ಟು ಹಣ ಕೊಡುತ್ತೇವೆ” ಎಂದು ಕಂಪನಿ ತನ್ನ ನೌಕರರಿಗೆಲ್ಲ ಲಿಖಿತವಾಗಿ ತಿಳಿಸುವುದು ಒಂದು ಪ್ರಸ್ತಾವ, ಅದನ್ನು ತಿಳಿದು ನೌಕರನೊಬ್ಬನು ಶಿಫಾರಸು ಮಾಡಿ, ಷರತ್ತುಗಳೆಲ್ಲ ಪೂರ್ಣವಾದಾಗ, ಪ್ರತ್ಯೇಕವಾದ ಸಹಿ ಮೊಹರುಗಳಿಲ್ಲದೆಯೇ ಕಂಪನಿಯ ಮೇಲೆ ಕೊಡತಕ್ಕ ಬಾಧ್ಯತೆ ಉಂಟಾಗುತ್ತದೆಂದು ವಾದಿಸಲು ಈ ಪ್ರಕರಣ ಬಲವಾದ ಆಧಾರವನ್ನು ಕೊಡುತ್ತದೆ.

ಇಲ್ಲಿ “ತಿಳಿದು” ಎಂಬುದು ಮುಖ್ಯವಾದ ಅಂಶ. ಅಲಹಾಬಾದಿನ ಉಚ್ಚ ನ್ಯಾಯಾಲಯ 1913ರಲ್ಲಿ ತೀರ್ಮಾನಿಸಿದ, ಕಾನೂನು ವಿದ್ಯಾರ್ಥಿಗಳೆಲ್ಲ ಇಂದಿಗೂ ಓದುವ ಲಾಲ್‌ಮನ್ ಶುಕ್ಲ ಮತ್ತು ಗೌರಿದತ್ತರ ಮೊಕದ್ದಮೆ ಇದನ್ನು ಸ್ಪಷ್ಟಪಡಿಸುತ್ತದೆ. ಮನೆಬಿಟ್ಟು ಹೋದ ಹುಡುಗನನ್ನು ಹುಡುಕಿ ತರಲು ಗೌರಿದತ್ತರು ತಮ್ಮ ಮುನೀಮನಾದ ಲಾಲ್‌ಮನ್ ಶುಕ್ಲನನ್ನು ಕಳುಹಿಸಿದರು. ಅವನು ಹೊರಟುಹೋದ ಮೇಲೆ, ಹುಡುಗನನ್ನು ಪತ್ತೆಮಾಡಿದವರಿಗೆ 501 ರೂಪಾಯಿ ಬಹುಮಾನವೆಂದು ಕರಪತ್ರ ಹೊರಡಿಸಿದರು. ಹುಡುಗನನ್ನು ಪತ್ತೆಮಾಡಿದವನು ಆ ಮುನೀಮನೇ. ಆದರೆ ಹುಡುಕಿದಾಗ ಬಹುಮಾನದ ವಿಷಯ ಅವನಿಗೆ ಗೊತ್ತಿರಲಿಲ್ಲವಾದುದರಿಂದಲೂ, ಹುಡುಕುವ ಕೆಲಸಕ್ಕೆ ಅವನು ಮೊದಲೇ ನಿಯುಕ್ತನಾಗಿದ್ದುದರಿಂದಲೂ, ಅವನ ಹಕ್ಕು ಸಿದ್ಧವಾಗಲಿಲ್ಲ. ಈ ತೀರ್ಪಿನಿಂದ ಎರಡು ಸಂಗತಿಗಳನ್ನು ಗ್ರಹಿಸಬಹುದು: ಶಿಫಾರಸು ಮಾಡಿದ ದಿನದಂದು ಜಾರಿಯಲ್ಲಿದ್ದ ಪಾಲಿಸಿಯೇ ನೌಕರನ ಆಧಾರ, ಮತ್ತು ಕರ್ತವ್ಯವಾಗಿ ಮಾಡಿದ ಕೆಲಸಕ್ಕೆ ಈ ಬಹುಮಾನವನ್ನು ಕೇಳಲಾಗದು.

ಬಹುಪಾಲು ಪಾಲಿಸಿಗಳ ಕೊನೆಯಲ್ಲಿ, ಈ ಯೋಜನೆಯನ್ನು ಯಾವಾಗ ಬೇಕಾದರೂ ಬದಲಾಯಿಸುವ ಅಥವಾ ನಿಲ್ಲಿಸುವ ಅಧಿಕಾರ ಆಡಳಿತ ವರ್ಗಕ್ಕಿದೆಯೆಂಬ ವಾಕ್ಯವಿರುತ್ತದೆ. ಮುಂದಿನ ಶಿಫಾರಸುಗಳಿಗೆ ಆ ಅಧಿಕಾರ ಅನ್ವಯಿಸುವುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ಪಾಲಿಸಿಯ ಮೇಲೆ ಶಿಫಾರಸು ನಡೆದು, ವ್ಯಕ್ತಿ ಸೇರಿ, ಅವಧಿ ಮುಗಿದ ಮೇಲೆ ಆ ವಾಕ್ಯವನ್ನು ಮುಂದುಮಾಡಿದರೆ, ನೆರವೇರಿದ ಷರತ್ತನ್ನು ಹಿಂದಕ್ಕೆ ಅಳಿಸುವ ಮಾತು ಪಾಲಿಸಿಯಲ್ಲಿ ಎಲ್ಲಿದೆಯೆಂದು ಕೇಳುವುದು ನ್ಯಾಯವೇ ಆಗಿದೆ. ಉತ್ತರ ಆ ಪಾಲಿಸಿಯ ಪದಗಳನ್ನವಲಂಬಿಸುತ್ತದೆ. ಆದುದರಿಂದಲೇ ಶಿಫಾರಸು ಮಾಡಿದ ದಿನವೇ ಪಾಲಿಸಿಯ ಒಂದು ಪ್ರತಿಯನ್ನು, ನಿಯಮಗಳು ಒಪ್ಪುವ ರೀತಿಯಲ್ಲಿ, ತೆಗೆದಿಟ್ಟುಕೊಳ್ಳುವುದು ವಿವೇಕ.

ಪ್ರೊಬೇಷನ್ ಮುಗಿದದ್ದು ಎಂದು?

ಆರು ತಿಂಗಳು ಕಳೆದರೆ ಪ್ರೊಬೇಷನ್ ಮುಗಿಯಿತೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಆದರೆ ಅವಧಿ ಕಳೆಯುವುದು ಬೇರೆ, ನೌಕರಿ ಖಾಯಂ ಆಗುವುದು ಬೇರೆ. ನಿಗದಿಯಾದ ಅವಧಿ ಕಳೆದ ಮಾತ್ರಕ್ಕೆ ನೌಕರನು ತಾನಾಗಿ ಖಾಯಂ ಆಗುವುದಿಲ್ಲ. ನೇಮಕದ ಷರತ್ತುಗಳಲ್ಲಿ ಹಾಗೆಂದು ಹೇಳಿದ್ದರೆ, ಅಥವಾ ಇಷ್ಟಕ್ಕಿಂತ ಹೆಚ್ಚು ಕಾಲ ಪ್ರೊಬೇಷನ್ ಮುಂದುವರಿಸಕೂಡದೆಂಬ ಗರಿಷ್ಠ ಮಿತಿಯಿದ್ದರೆ ಮಾತ್ರ ವಿಷಯ ಬೇರೆಯಾಗುತ್ತದೆ ಎಂಬುದು ನ್ಯಾಯಾಲಯಗಳು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ಸಾಮಾನ್ಯ ನಿಯಮ.

ಆದುದರಿಂದ ಮೊದಲು ನೋಡಬೇಕಾದುದು ಪಾಲಿಸಿಯ ಮಾತನ್ನು. “ಸೇರಿದ ದಿನದಿಂದ 180 ದಿನಗಳು ಪೂರ್ಣವಾದ ಮೇಲೆ” ಎಂದಿದ್ದರೆ ಪಂಚಾಂಗವೇ ಸಾಕ್ಷಿ. ಮ್ಯಾನೇಜರು ಖಾಯಮಾತಿಯ ಫಾರಂ ತುಂಬಿರಲಿ ಬಿಟ್ಟಿರಲಿ, ದಿನ ಬಂದಾಗ ಹಣ ಸಲ್ಲತಕ್ಕದ್ದು. “ಪ್ರೊಬೇಷನ್ ಅವಧಿಯನ್ನು ಯಶಸ್ವಿಯಾಗಿ ಮುಗಿಸಿದ ಮೇಲೆ” ಎಂದಾಗಲಿ “ಖಾಯಂ ಆದ ಮೇಲೆ” ಎಂದಾಗಲಿ ಇದ್ದರೆ, ಕನ್ಫರ್ಮೇಷನ್ ಲೆಟರಿನಲ್ಲಿ ನಮೂದಾದ ದಿನಾಂಕವೇ ನಿರ್ಣಾಯಕ. ಆ ಪತ್ರದಲ್ಲಿ ಎರಡು ದಿನಾಂಕಗಳಿರುವುದುಂಟು: ಪತ್ರವನ್ನು ಹೊರಡಿಸಿದ ದಿನ ಒಂದು, ಖಾಯಮಾತಿ ಜಾರಿಗೆ ಬಂದ ದಿನ ಇನ್ನೊಂದು. ಎರಡನೆಯದೇ ನಮಗೆ ಬೇಕಾದುದು.

ಪ್ರೊಬೇಷನ್ ವಿಸ್ತರಣೆಯಾಗಿದ್ದರೆ, ಅಥವಾ ದೀರ್ಘವಾದ ರಜೆಯ ಕಾರಣದಿಂದ ಅವಧಿ ಮುಂದಕ್ಕೆ ಹೋಗಿದ್ದರೆ, ಕೇಳುವ ಕಾಲ ಇನ್ನೂ ಬಂದಿರುವುದಿಲ್ಲ. ಇದನ್ನು ತಿಳಿಯುವ ನೇರವಾದ ಮಾರ್ಗ ಸೇರಿದ ಸ್ನೇಹಿತನನ್ನೇ ಕೇಳುವುದು. ಆದರೆ ಅವನ ಕನ್ಫರ್ಮೇಷನ್ ಲೆಟರಿನ ಪ್ರತಿಯನ್ನು ಕೇಳಬಾರದು; ಅದರಲ್ಲಿ ಅವನ ಸಂಬಳದ ವಿವರವಿರಬಹುದು. ಜಾರಿಯಾದ ದಿನಾಂಕವೊಂದನ್ನು ತಿಳಿದುಕೊಂಡರೆ ಸಾಕು, ಪತ್ರ ಎಚ್.ಆರ್. ವಿಭಾಗದ ಬಳಿ ಇದ್ದೇ ಇರುತ್ತದೆ.

ಎರಡು ದಾಖಲೆಗಳ ನಡುವಣ ಕಂದರ

ಶಿಫಾರಸು ಮಾಡಿದವನ ಹೆಸರು ಇರುವುದು ನೇಮಕಾತಿ ವಿಭಾಗದ ದಾಖಲೆಯಲ್ಲಿ. ಹಣ ಹೊರಡುವುದು ಪೇರೋಲ್ ವಿಭಾಗದ ದಾಖಲೆಯಿಂದ. ಮೊದಲನೆಯದರಲ್ಲಿ ಅಭ್ಯರ್ಥಿಗೆ ಒಂದು ಸಂಖ್ಯೆ. ಎರಡನೆಯದರಲ್ಲಿ, ಸೇರಿದ ಮೇಲೆ ಅವನಿಗೆ ದೊರೆತ ನೌಕರ ಸಂಖ್ಯೆ. ಈ ಎರಡೂ ಒಬ್ಬನದೇ ಎಂದು ಯಾರಾದರೂ, ಅಥವಾ ಯಾವುದಾದರೂ ತಂತ್ರಾಂಶ, ಕೂಡಿಸದಿದ್ದರೆ ಬೋನಸ್ ಎಲ್ಲಿಯೂ ನಿರಾಕರಿಸಲ್ಪಡುವುದಿಲ್ಲ. ಅದು ಉದ್ಭವಿಸುವುದೇ ಇಲ್ಲ. ಯಾರೂ ತಿರಸ್ಕರಿಸದ ಕಾರಣ ತಿರಸ್ಕಾರದ ಪತ್ರವೂ ಬಾರದು, ಮತ್ತು ಕಾಯುವವನಿಗೆ ತಾನು ಕಾಯುತ್ತಿರುವುದು ಬರಲಾರದ ಹಣಕ್ಕೆಂಬುದು ತಿಳಿಯುವುದಿಲ್ಲ.

ಈ ಕಂದರದಲ್ಲಿ ಹಣ ಬೀಳುವ ಸ್ಥಳಗಳು ಮುಖ್ಯವಾಗಿ ಮೂರು. ಮೊದಲನೆಯದು, ಅಭ್ಯರ್ಥಿ ಬಂದ ಮೂಲದ ವಿಷಯ. ಸ್ನೇಹಿತನು ಹಿಂದೊಮ್ಮೆ ನೌಕರಿ ಜಾಲತಾಣದ ಮೂಲಕವೋ ಏಜೆನ್ಸಿಯ ಮೂಲಕವೋ ಅದೇ ಕಂಪನಿಗೆ ಅರ್ಜಿ ಹಾಕಿದ್ದರೆ, ಅವನ ಹೊಸ ಅರ್ಜಿ ಹಳೆಯ ಕಡತಕ್ಕೆ ಸೇರಿಕೊಂಡು, ಮೂಲದ ಕಾಲಮಿನಲ್ಲಿ ರೆಫರಲ್ ಎಂಬುದಕ್ಕೆ ಬದಲಾಗಿ ಹಳೆಯ ಹೆಸರೇ ಉಳಿದುಬಿಡುತ್ತದೆ. ಎರಡನೆಯದು, ಖಾಯಮಾತಿಯ ನಮೂದು. ಅವಧಿ ಮುಗಿದು, ಮ್ಯಾನೇಜರು ಬಾಯಲ್ಲಿ ಅಭಿನಂದಿಸಿ, ಆದರೆ ಪೋರ್ಟಲಿನಲ್ಲಿ ಅನುಮೋದನೆಯ ಗುಂಡಿಯನ್ನು ಒತ್ತದೆ ಬಿಟ್ಟಿದ್ದರೆ, ಪೇರೋಲಿನ ಕಣ್ಣಿಗೆ ಅವನು ಇನ್ನೂ ಪ್ರೊಬೇಷನರಿಯೇ. ಮೂರನೆಯದು, ಕಾಲದ ಗಡಿ. ಪ್ರತಿ ತಿಂಗಳೂ ಒಂದು ನಿರ್ದಿಷ್ಟ ದಿನಾಂಕದ ಬಳಿಕ ಬಂದ ಬದಲಾವಣೆಗಳನ್ನು ಆ ತಿಂಗಳ ಸಂಬಳಕ್ಕೆ ಸೇರಿಸುವುದಿಲ್ಲ. ಗಡಿ ದಾಟಿ ಬಂದ ಹೆಸರು ಮುಂದಿನ ತಿಂಗಳ ಪಟ್ಟಿಗೆ ತಾನಾಗಿ ಹೋಗಬೇಕು, ಆದರೆ ಕೈಯಿಂದ ಪಟ್ಟಿ ತಯಾರಿಸುವಲ್ಲಿ ಅದು ಬಿಟ್ಟುಹೋಗುವುದುಂಟು.

ಈ ಮೂರರಲ್ಲಿ ಯಾವುದೆಂದು ಹೊರಗಿನಿಂದಲೇ ಬಹುಮಟ್ಟಿಗೆ ಊಹಿಸಬಹುದು. ರೆಫರಲ್ ಪೋರ್ಟಲಿನಲ್ಲಿ ಸ್ನೇಹಿತನ ಹೆಸರಿನ ಮುಂದೆ ಇನ್ನೂ “ಪರಿಶೀಲನೆಯಲ್ಲಿದೆ” ಎಂದೋ “ಮುಕ್ತಾಯವಾಗಿದೆ” ಎಂದೋ ಇದ್ದರೆ ದೋಷ ಮೂಲದ ನಮೂದಿನಲ್ಲಿದೆ. “ಸೇರಿದ್ದಾರೆ” ಎಂದಿದ್ದು, ಅರ್ಹತೆಯ ದಿನಾಂಕ ಖಾಲಿಯಾಗಿದ್ದರೆ ದೋಷ ಖಾಯಮಾತಿಯಲ್ಲಿದೆ. ಎಲ್ಲವೂ ಪೂರ್ಣವೆಂದು ತೋರುತ್ತಿದ್ದು ಪೇಸ್ಲಿಪ್ಪಿನಲ್ಲಿ ಮಾತ್ರ ಇಲ್ಲದಿದ್ದರೆ ದೋಷ ಪೇರೋಲಿನ ಪಟ್ಟಿಯಲ್ಲಿದೆ. ದೂರು ಕೊಡುವ ಮೊದಲು ಹಿಂದಿನ ಎರಡು ಮೂರು ಪೇಸ್ಲಿಪ್ಪುಗಳನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು; ಬೋನಸ್ ಬಂದಿದ್ದರೂ “ಇತರ ಗಳಿಕೆ” ಎಂಬ ಹೆಸರಿನಲ್ಲಿ, ತೆರಿಗೆ ಕಳೆದು ಕಿರಿದಾಗಿ, ಗಮನಕ್ಕೆ ಬಾರದೆ ಹೋಗಿರಬಹುದು.

ಒಂದು ನಿದರ್ಶನ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ತಂತ್ರಾಂಶ ಕಂಪನಿಯೊಂದರಲ್ಲಿ ಹಿರಿಯ ಟೆಸ್ಟರ್ ಆಗಿರುವ ಮಹಿಳೆಯೊಬ್ಬರು, ಹುಬ್ಬಳ್ಳಿಯಲ್ಲಿ ತಮ್ಮೊಡನೆ ಇಂಜಿನಿಯರಿಂಗ್ ಓದಿದ ಸಹಪಾಠಿಯೊಬ್ಬರನ್ನು 2025ರ ಫೆಬ್ರವರಿ 12ರಂದು ರೆಫರಲ್ ಪೋರ್ಟಲಿನ ಮೂಲಕ ಶಿಫಾರಸು ಮಾಡಿದರೆನ್ನೋಣ. ಆ ದಿನವೇ ಶಿಫಾರಸಿನ ಸಂಖ್ಯೆಯುಳ್ಳ ಸ್ವೀಕೃತಿ ಮೇಲ್ ಅವರಿಗೆ ಬಂದಿತು. ಸಹಪಾಠಿ ಏಪ್ರಿಲ್ 7ರಂದು ಸೇರಿದರು. ಪ್ರೊಬೇಷನ್ ಆರು ತಿಂಗಳು. ಅಕ್ಟೋಬರ್ 6ಕ್ಕೆ ಅದು ಮುಗಿಯಿತು. ಬೋನಸ್ 50,000 ರೂಪಾಯಿ. ಖಾಯಂ ಆದ ಮುಂದಿನ ತಿಂಗಳ ಸಂಬಳದೊಡನೆ ಪಾವತಿ ಎಂಬುದು ಪಾಲಿಸಿಯ ಮಾತು.

ಮ್ಯಾನೇಜರು ತಡಮಾಡಿದ್ದರಿಂದ ಕನ್ಫರ್ಮೇಷನ್ ಲೆಟರು ಹೊರಟದ್ದು ಅಕ್ಟೋಬರ್ 24ರಂದು. ಆದರೆ ಖಾಯಮಾತಿ ಅಕ್ಟೋಬರ್ 7ರಿಂದಲೇ ಜಾರಿ ಎಂದು ಅದರಲ್ಲಿ ಬರೆದಿತ್ತು. ಆದುದರಿಂದ ನವೆಂಬರ್ ಸಂಬಳದಲ್ಲಿ ಹಣ ಬರಬೇಕಾಗಿತ್ತು. ಬರಲಿಲ್ಲ. ಪತ್ರ ತಡವಾಗಿ ಹೊರಟದ್ದರಿಂದ ಪಟ್ಟಿಯಿಂದ ತಪ್ಪಿಹೋಗಿರಬಹುದೆಂದು ಅವರು ಇನ್ನೊಂದು ತಿಂಗಳು ಕಾದರು. ಡಿಸೆಂಬರಿನಲ್ಲಿಯೂ ಬರಲಿಲ್ಲ.

ಆಗ ಅವರು ಪೋರ್ಟಲನ್ನು ತೆರೆದು ನೋಡಿದರೆ, ಶಿಫಾರಸಿನ ಮುಂದೆ “ಅರ್ಹವಲ್ಲ, ಅಭ್ಯರ್ಥಿ ಈಗಾಗಲೇ ದಾಖಲೆಯಲ್ಲಿದ್ದಾರೆ” ಎಂಬರ್ಥದ ಟಿಪ್ಪಣಿಯಿತ್ತು. ಸಹಪಾಠಿಯನ್ನು ವಿಚಾರಿಸಲಾಗಿ, 2023ರ ಆಗಸ್ಟಿನಲ್ಲಿ ನೌಕರಿ ಜಾಲತಾಣವೊಂದರ ಮೂಲಕ ಅದೇ ಕಂಪನಿಗೆ ಬೇರೊಂದು ಹುದ್ದೆಗಾಗಿ ಅರ್ಜಿ ಹಾಕಿದ್ದು ನೆನಪಿಗೆ ಬಂದಿತು. ಅದೇ ಇಮೇಲ್ ವಿಳಾಸವಾದುದರಿಂದ ತಂತ್ರಾಂಶ ಎರಡು ಅರ್ಜಿಗಳನ್ನೂ ಒಂದೇ ಕಡತವಾಗಿ ಕೂಡಿಸಿ, ಮೂಲದ ಕಾಲಮಿನಲ್ಲಿ ಹಳೆಯ ಜಾಲತಾಣದ ಹೆಸರನ್ನೇ ಉಳಿಸಿಕೊಂಡಿತ್ತು.

ಇಲ್ಲಿ ಪಾಲಿಸಿಯ ಇನ್ನೊಂದು ಅಂಶ ನಿರ್ಣಾಯಕವಾಯಿತು. ಹಳೆಯ ಅರ್ಜಿಗೆ ಆರು ತಿಂಗಳಿಗಿಂತ ಹೆಚ್ಚಾಗಿದ್ದರೆ, ಆ ಅಭ್ಯರ್ಥಿಯನ್ನು ಹೊಸಬನೆಂದೇ ಎಣಿಸತಕ್ಕದ್ದು ಎಂದು ಅದರಲ್ಲಿತ್ತು. 2023ರ ಆಗಸ್ಟಿಗೂ 2025ರ ಫೆಬ್ರವರಿಗೂ ನಡುವೆ ಸುಮಾರು ಹದಿನೆಂಟು ತಿಂಗಳ ಅಂತರ. ಇಷ್ಟು ಗೊತ್ತಾದ ಮೇಲೆ ಕೇಳಬೇಕಾದುದು “ನನ್ನ ಬೋನಸ್ ಏಕೆ ಬಂದಿಲ್ಲ” ಎಂಬ ತೆರೆದ ಪ್ರಶ್ನೆಯಾಗಿ ಉಳಿಯಲಿಲ್ಲ. “ಈ ಕಡತದಲ್ಲಿ ಮೂಲದ ನಮೂದನ್ನು ರೆಫರಲ್ ಎಂದು ತಿದ್ದಿ, ಪಾವತಿಗೆ ಕಳುಹಿಸಿ” ಎಂಬ, ಒಬ್ಬ ಸಿಬ್ಬಂದಿ ಒಮ್ಮೆ ಕುಳಿತು ಮಾಡಿ ಮುಗಿಸಬಹುದಾದ ಕೆಲಸದ ಕೋರಿಕೆಯಾಯಿತು. ಜನವರಿಯ ಆರಂಭದಲ್ಲಿ ಅವರು ಟಿಕೆಟ್ ದಾಖಲಿಸಿದರು. ತಿಂಗಳ ಗಡಿಯ ದಿನಕ್ಕೆ ಮೊದಲೇ ನಮೂದು ತಿದ್ದಲ್ಪಟ್ಟದ್ದರಿಂದ ಜನವರಿಯ ಸಂಬಳದೊಡನೆಯೇ ಹಣ ಬಂದಿತು.

ಬರೆಯತಕ್ಕ ಪತ್ರ

ಮೊದಲ ಕೋರಿಕೆಯನ್ನು ಬಾಯಲ್ಲಾಗಲಿ ಚಾಟಿನಲ್ಲಾಗಲಿ ಮಾಡದೆ, ಎಚ್.ಆರ್. ಹೆಲ್ಪ್‌ಡೆಸ್ಕಿನಲ್ಲಿ ಟಿಕೆಟ್ ಆಗಿ, ಅಂಥ ವ್ಯವಸ್ಥೆ ಇಲ್ಲದಿದ್ದರೆ ಮೇಲ್ ಆಗಿ ಮಾಡಬೇಕು. ಶಿಫಾರಸಿನ ಕಾಲದಲ್ಲಿ ವ್ಯವಹರಿಸಿದ ರಿಕ್ರೂಟರು ಅಷ್ಟರಲ್ಲಿ ಕೆಲಸ ಬಿಟ್ಟುಹೋಗಿರುವ ಸಂಭವವುಂಟು. ಅವರ ಮಾತನ್ನು ಆಧರಿಸಿದ ಹಕ್ಕು ಅವರೊಡನೆಯೇ ಹೋಗುತ್ತದೆ, ಲಿಖಿತವಾದುದು ಉಳಿಯುತ್ತದೆ.

ಕಚೇರಿಯ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವುದಾದರೂ, ಪತ್ರದ ಸಾರ ಹೀಗಿದ್ದರೆ ಸಾಕು: “2025ರ ಫೆಬ್ರವರಿ 12ರಂದು, ಇಂಥ ಸಂಖ್ಯೆಯ ಶಿಫಾರಸಿನ ಮೂಲಕ, ಈಗ ಇಂಥ ನೌಕರ ಸಂಖ್ಯೆಯುಳ್ಳವರನ್ನು ನಾನು ಸೂಚಿಸಿದೆನು. ಅವರು ಏಪ್ರಿಲ್ 7ರಂದು ಸೇರಿ, ಅಕ್ಟೋಬರ್ 7ರಿಂದ ಖಾಯಂ ಆಗಿದ್ದಾರೆ. ಶಿಫಾರಸಿನ ದಿನ ಜಾರಿಯಲ್ಲಿದ್ದ ಪಾಲಿಸಿಯ ಇಂಥ ಕಲಮಿನ ಪ್ರಕಾರ 50,000 ರೂಪಾಯಿ ನವೆಂಬರ್ ಸಂಬಳದೊಡನೆ ಸಲ್ಲಬೇಕಾಗಿತ್ತು. ಪೋರ್ಟಲಿನಲ್ಲಿ ಮೂಲ ತಪ್ಪಾಗಿ ನಮೂದಾಗಿದೆ. ಹಳೆಯ ಅರ್ಜಿ ಆರು ತಿಂಗಳ ಮಿತಿಯನ್ನು ಮೀರಿದ್ದು. ದಯವಿಟ್ಟು ನಮೂದನ್ನು ತಿದ್ದಿ, ಯಾವ ತಿಂಗಳ ಸಂಬಳದಲ್ಲಿ ಪಾವತಿಯಾಗುವುದೆಂದು ತಿಳಿಸಬೇಕು.” ಇದರೊಡನೆ ಸ್ವೀಕೃತಿ ಮೇಲ್, ಪೋರ್ಟಲಿನ ಚಿತ್ರ, ಪಾಲಿಸಿಯ ಸಂಬಂಧಪಟ್ಟ ಪುಟ, ಇಷ್ಟನ್ನು ಲಗತ್ತಿಸಿದರೆ, ಓದುವವರು ಬೇರೆ ಕಡತವನ್ನು ಹುಡುಕಬೇಕಾಗಿಲ್ಲ.

ಈ ಪತ್ರದಲ್ಲಿ ಎರಡು ಗುಣಗಳಿವೆ. ಶಿಫಾರಸಿನ ಸಂಖ್ಯೆ ಮತ್ತು ನೌಕರ ಸಂಖ್ಯೆ ಒಂದೇ ವಾಕ್ಯದಲ್ಲಿ ಬಂದಿರುವುದರಿಂದ, ಕೂಡದೆ ನಿಂತಿದ್ದ ಎರಡು ದಾಖಲೆಗಳನ್ನು ಅದು ಸ್ವತಃ ಕೂಡಿಸುತ್ತದೆ. ಹಾಗೆಯೇ ಕೊನೆಯಲ್ಲಿ ಕೇಳಿರುವುದು ಯಾವ ತಿಂಗಳೆಂಬ ಪ್ರಶ್ನೆಯಾದುದರಿಂದ, “ಪರಿಶೀಲಿಸುತ್ತೇವೆ” ಎಂಬ ಉತ್ತರ ಅದಕ್ಕೆ ಉತ್ತರವಾಗದು. ಟಿಕೆಟನ್ನು ಪರಿಹಾರವಿಲ್ಲದೆ ಮುಚ್ಚಿದರೆ, ಹೊಸ ಟಿಕೆಟ್ ತೆರೆಯದೆ ಹಳೆಯದನ್ನೇ ಮತ್ತೆ ತೆರೆಯುವುದು ಲೇಸು. ಮೊದಲು ಕೇಳಿದ ದಿನಾಂಕ ಆಗ ಕಣ್ಮರೆಯಾಗುವುದಿಲ್ಲ. ಎರಡು ವಾರಗಳಾದರೂ ಉತ್ತರ ಬಾರದಿದ್ದರೆ ಅದೇ ಮೇಲ್ ಸರಣಿಯಲ್ಲಿ ತಮ್ಮ ವಿಭಾಗದ ಎಚ್.ಆರ್. ಪ್ರತಿನಿಧಿಯನ್ನೂ, ಅನಂತರ ನೇಮಕಾತಿ ವಿಭಾಗದ ಮುಖ್ಯಸ್ಥರನ್ನೂ ಸೇರಿಸಬಹುದು. ತಮ್ಮ ಮ್ಯಾನೇಜರಿಗೆ ಮುಂಚಿತವಾಗಿ ತಿಳಿಸಿರುವುದು ಸೌಜನ್ಯವೂ ಹೌದು, ಉಪಯುಕ್ತವೂ ಹೌದು.

ಕೈಗೆ ಬರುವ ಮೊತ್ತ

ರೆಫರಲ್ ಬೋನಸ್ಸನ್ನು ಸಂಬಳದ ಆದಾಯವಾಗಿಯೇ ಎಣಿಸಿ ಕಂಪನಿ ಮೂಲದಲ್ಲಿ ತೆರಿಗೆಯನ್ನು ಕಳೆಯುತ್ತದೆ. ಮೇಲಿನ ನಿದರ್ಶನದ ಮಹಿಳೆಯ ಆದಾಯ ಶೇಕಡಾ 20ರ ತೆರಿಗೆಯ ಹಂತದಲ್ಲಿದ್ದು, ಬೋನಸ್ ಪೂರ್ತಿಯಾಗಿ ಅದೇ ಹಂತದೊಳಗೆ ಬಂದರೆ, 50,000 ರೂಪಾಯಿಗೆ ತೆರಿಗೆ 10,000. ಅದರ ಮೇಲೆ ಶೇಕಡಾ 4ರ ಸೆಸ್ 400. ಕೈಗೆ ಬರುವುದು 39,600 ರೂಪಾಯಿ. ಕೆಲವು ಕಂಪನಿಗಳು ಈ ತೆರಿಗೆಯನ್ನು ಅದೇ ತಿಂಗಳು ಒಟ್ಟಿಗೆ ಕಳೆಯುತ್ತವೆ, ಕೆಲವು ಮಾರ್ಚಿನವರೆಗಿನ ತಿಂಗಳುಗಳಿಗೆ ಹಂಚುತ್ತವೆ. ಆದುದರಿಂದ ಬ್ಯಾಂಕಿಗೆ ಬಂದ ಮೊತ್ತವನ್ನು ನೋಡಿ ಕಡಮೆಯಾಯಿತೆಂದು ದೂರುವ ಮೊದಲು, ಪೇಸ್ಲಿಪ್ಪಿನ ಗಳಿಕೆಯ ಭಾಗದಲ್ಲಿ ಪೂರ್ಣ 50,000 ನಮೂದಾಗಿದೆಯೇ ಎಂಬುದನ್ನು ನೋಡತಕ್ಕದ್ದು.

ಕೆಲಸ ಬಿಡುವವರು

ಬಹಳ ಮಂದಿಗೆ ಈ ಬಾಕಿಯ ನೆನಪಾಗುವುದು ರಾಜೀನಾಮೆ ಕೊಟ್ಟ ಮೇಲೆ. ಆದರೆ ಅಷ್ಟರಲ್ಲಿ ಅವರ ಸ್ಥಿತಿ ದುರ್ಬಲವಾಗಿರುತ್ತದೆ. ಪಾವತಿಯ ದಿನ ನೋಟಿಸ್ ಅವಧಿಯಲ್ಲಿರಬಾರದೆಂಬ ಷರತ್ತನ್ನು ಕಂಪನಿ ಮುಂದೊಡ್ಡಬಹುದು. ಇದಕ್ಕೆ ನ್ಯಾಯವಾದ ಪ್ರತ್ಯುತ್ತರವೊಂದಿದೆ: ಪಾಲಿಸಿಯ ಪ್ರಕಾರ ಪಾವತಿಯಾಗಬೇಕಾಗಿದ್ದ ದಿನ ರಾಜೀನಾಮೆಗಿಂತ ಹಿಂದಿನದಾಗಿದ್ದರೆ, ತನ್ನದೇ ವಿಳಂಬದ ಲಾಭವನ್ನು ಕಂಪನಿ ಪಡೆಯಕೂಡದು. ಈ ಮಾತಿಗೆ ಬಲ ಬರಬೇಕಾದರೆ ರಾಜೀನಾಮೆಗೆ ಮೊದಲೇ ಲಿಖಿತವಾಗಿ ಕೇಳಿದ ದಾಖಲೆ ಇರಬೇಕು.

ಕೊನೆಯ ಲೆಕ್ಕ ಚುಕ್ತಾ ಆಗುವಾಗ, ತನಗೆ ಕಂಪನಿಯಿಂದ ಇನ್ನು ಯಾವ ಬಾಕಿಯೂ ಇಲ್ಲವೆಂಬ ಹೇಳಿಕೆಗೆ ಸಹಿ ಕೇಳುವುದು ರೂಢಿ. ಬೋನಸ್ ಅದರಲ್ಲಿ ಸೇರದಿದ್ದರೆ, ಸಹಿಗೆ ಮೊದಲು ಅದನ್ನು ಸೇರಿಸುವಂತೆ ಬರೆದು ಕೇಳಬೇಕು. ಸೇರಿಸದಿದ್ದರೆ, ಇಂಥ ಮೊತ್ತದ ಹಕ್ಕನ್ನು ಉಳಿಸಿಕೊಂಡು ಸಹಿ ಮಾಡುತ್ತಿದ್ದೇನೆಂದು ಅದೇ ಪತ್ರದಲ್ಲಿ ನಮೂದಿಸಬೇಕು. ಷರತ್ತಿಲ್ಲದ ಸಹಿ ಮುಂದಿನ ಹೋರಾಟದಲ್ಲಿ ಎದುರಾಳಿಯ ಮೊದಲ ಸಾಕ್ಷ್ಯವಾಗುತ್ತದೆ.

ಕಚೇರಿಯ ಹೊರಗಿನ ಮಾರ್ಗ

ಒಳಗಿನ ಮಾರ್ಗಗಳೆಲ್ಲ ಮುಗಿದ ಮೇಲೆ ಉಳಿಯುವುದು ಕಾನೂನು. ರೆಫರಲ್ ಬೋನಸ್ಸನ್ನು ವೇತನವೆಂದು ಎಣಿಸಬಹುದೇ ಎಂಬುದು ವಾದಕ್ಕೆ ಆಸ್ಪದವುಳ್ಳ ಪ್ರಶ್ನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ವೇತನದ ವ್ಯಾಖ್ಯೆಯಿಂದ ಹಲವು ಬಗೆಯ ಪಾವತಿಗಳನ್ನು ಹೊರಗಿಟ್ಟಿರುವುದರಿಂದ, ಕಾರ್ಮಿಕ ಇಲಾಖೆಯ ಬಾಗಿಲು ಈ ಬಾಕಿಗೆ ಖಂಡಿತವಾಗಿ ತೆರೆಯುವುದೆಂದು ನಂಬಿಕೊಳ್ಳಲಾಗದು. ನಿಶ್ಚಿತವಾದ ಆಧಾರ ಕರಾರಿನದೇ: ಅಂದರೆ ವಕೀಲರ ಮೂಲಕ ನೋಟಿಸು, ಅನಂತರ ಸಿವಿಲ್ ನ್ಯಾಯಾಲಯ. ಮೊಕದ್ದಮೆಗೆ ಮುಂಚಿತವಾಗಿಯೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸುವ ಮಾರ್ಗವೂ ಉಂಟು. ಆದರೆ ರಾಜಿ ಆಗಬೇಕಾದರೆ ಎರಡೂ ಪಕ್ಷಗಳ ಒಪ್ಪಿಗೆ ಬೇಕು.

ಕರಾರಿನ ಹಣಕ್ಕೆ ದಾವೆ ಹೂಡಲು 1963ರ ಪರಿಮಿತಿ ಅಧಿನಿಯಮ ಕೊಡುವ ಕಾಲ ಮೂರು ವರ್ಷ. ನಮ್ಮ ನಿದರ್ಶನದಲ್ಲಿ ಅದು 2025ರ ನವೆಂಬರ್ ಸಂಬಳದ ದಿನದಿಂದ ಎಣಿಕೆಯಾಗುತ್ತಿತ್ತು. ಆ ಅವಧಿಯೊಳಗೆ ಕಂಪನಿ ಬಾಕಿಯಿರುವುದನ್ನು ಸಹಿಯುಳ್ಳ ಬರಹದಲ್ಲಿ ಒಪ್ಪಿಕೊಂಡರೆ ಮೂರು ವರ್ಷ ಆ ದಿನದಿಂದ ಹೊಸದಾಗಿ ಆರಂಭವಾಗುತ್ತದೆ. ನೌಕರನು ಎಷ್ಟು ಸಲ ನೆನಪಿಸಿದರೂ ಆರಂಭವಾಗುವುದಿಲ್ಲ. ಐವತ್ತು ಸಾವಿರ ರೂಪಾಯಿಗಾಗಿ ನ್ಯಾಯಾಲಯದ ವೆಚ್ಚವನ್ನೂ ಕಾಲವನ್ನೂ ತೆರುವುದು ಎಲ್ಲರಿಗೂ ಲಾಭಕರವಲ್ಲವಾದುದರಿಂದ, ಈ ವಿಷಯದಲ್ಲಿ ನಿಜವಾದ ಬಲವಿರುವುದು ಮೊದಲ ಪತ್ರದಲ್ಲಿಯೇ: ಪಾವತಿಯ ತಿಂಗಳು ತಪ್ಪಿದ ಕೂಡಲೇ, ನೌಕರಿಯಲ್ಲಿರುವಾಗಲೇ, ದಿನಾಂಕಗಳನ್ನೂ ಕಲಮನ್ನೂ ಎರಡು ಸಂಖ್ಯೆಗಳನ್ನೂ ಒಟ್ಟಿಗಿಟ್ಟು ಕೇಳಿದವರಿಗೆ ಮುಂದಿನ ಮೆಟ್ಟಿಲುಗಳನ್ನು ಹತ್ತುವ ಅಗತ್ಯ ಬೀಳುವುದು ವಿರಳ.